ದರವಾರು ತೆರಿಗೆಯ ತಿಂಗಳ ಹಾಳೆ

ಜಿಎಸ್‌ಟಿ ನೋಂದಣಿ ಇರುವ ಸಣ್ಣ ಅಂಗಡಿಯವರು ಪ್ರತಿ ತಿಂಗಳ ಮೊದಲ ವಾರದಲ್ಲಿ ತಮ್ಮ ಆಡಿಟರಿಗೆ ಒಂದು ಹಾಳೆ ಕೊಡಬೇಕಾಗುತ್ತದೆ. ಹಿಂದಿನ ತಿಂಗಳ ಮಾರಾಟದಲ್ಲಿ ಯಾವ ದರದ ಸರಕು ಎಷ್ಟು ಹೋಯಿತು, ಅದರ ಮೇಲೆ ತೆರಿಗೆ ಎಷ್ಟಾಯಿತು ಎಂಬುದು ಅದರಲ್ಲಿರುತ್ತದೆ. ತೆರಿಗೆ ಇಲ್ಲದ ಮಾಲಿಗೆ ಒಂದು ಸಾಲು, ಶೇ. 5ಕ್ಕೆ ಒಂದು, ಶೇ. 18ಕ್ಕೆ ಒಂದು, ಹೀಗೆ ನಾಲ್ಕೈದು ಸಾಲುಗಳಲ್ಲಿ ತಿಂಗಳ ವ್ಯಾಪಾರವೆಲ್ಲ ಅಡಗಿಬಿಡುತ್ತದೆ. ಆಡಿಟರ್ ಜಿಎಸ್‌ಟಿ ಪೋರ್ಟಲ್‌ನಲ್ಲಿ ತುಂಬುವುದು ಈ ಹಾಳೆಯ ಅಂಕಿಗಳನ್ನೇ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಸಾಮಾನ್ಯ ಗಡುವು. ವರ್ಷದ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಲು ಅವಕಾಶವಿದೆ. ಅವರೂ ನಡುವಿನ ತಿಂಗಳುಗಳಲ್ಲಿ ತೆರಿಗೆ ಕಟ್ಟಲೇಬೇಕಾದ್ದರಿಂದ ಹಾಳೆಯ ಕೆಲಸ ತಿಂಗಳ ಕೆಲಸವಾಗಿಯೇ ಉಳಿಯುತ್ತದೆ. ಕಾಂಪೊಸಿಷನ್ ಯೋಜನೆಗೆ ಸೇರಿದ ವ್ಯಾಪಾರಿಗಳು ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಅವರಿಗೆ ಈ ಹಾಳೆಯ ಗೊಡವೆಯೂ ಇಲ್ಲ.

ಇಷ್ಟು ಚಿಕ್ಕ ಹಾಳೆಗೆ ಇಷ್ಟು ತೂಕ ಬಂದಿರುವುದಕ್ಕೆ ಕಾರಣ ಜಿಎಸ್‌ಟಿಆರ್-1ರ ರಚನೆಯಲ್ಲೇ ಇದೆ. ಜಿಎಸ್‌ಟಿ ನಂಬರ್ ಇರುವ ಇನ್ನೊಬ್ಬ ವ್ಯಾಪಾರಿಗೆ ಮಾಲು ಮಾರಿದರೆ ಆ ಬಿಲ್ಲನ್ನು ಬಿಡಿಬಿಡಿಯಾಗಿ, ನಂಬರ್ ತಾರೀಖಿನ ಸಮೇತ ಪೋರ್ಟಲ್‌ಗೆ ಹಾಕಬೇಕು. ಅದರ ತೆರಿಗೆ ಕೊಂಡವರ ಖಾತೆಯಲ್ಲಿ ಕಾಣಿಸುತ್ತದೆ. ತಪ್ಪಿದ್ದರೆ ಎರಡೇ ದಿನದಲ್ಲಿ ಅವರಿಂದ ಫೋನ್ ಬರುತ್ತದೆ. ಮನೆಬಳಕೆಯ ಗಿರಾಕಿಗೆ ಮಾರಿದ ಮಾಲಿಗೆ ಈ ಕಾವಲು ಇಲ್ಲ. ರಾಜ್ಯದೊಳಗಿನ ಚಿಲ್ಲರೆ ಮಾರಾಟವೆಲ್ಲ ಏಳನೇ ಕೋಷ್ಟಕದಲ್ಲಿ ದರವಾರು ಒಟ್ಟು ಮೊತ್ತವಾಗಿ ಹೋಗುತ್ತದೆ, ಒಂದೊಂದು ಬಿಲ್ ಅಲ್ಲಿ ಕಾಣುವುದಿಲ್ಲ. ದಿನಸಿ ಅಂಗಡಿಯ ವ್ಯಾಪಾರದಲ್ಲಿ ಮುಕ್ಕಾಲು ಮೂರು ವೀಸ ಇಂಥದ್ದೇ. ಆ ವ್ಯಾಪಾರದ ಮಟ್ಟಿಗೆ ದರವಾರು ಮೊತ್ತವೇ ಸರ್ಕಾರದ ಮುಂದಿರುವ ಏಕೈಕ ಲೆಕ್ಕ. ಅದರಲ್ಲಿ ತಪ್ಪು ನುಸುಳಿದರೆ ಹಾಳೆ ಮಾಡಿದವರ ಕಣ್ಣಿಗೆ ಬೀಳಬೇಕೇ ಹೊರತು ಬೇರೆ ಯಾರೂ ಹೇಳುವವರಿಲ್ಲ.

ಹಾಳೆ ಹುಟ್ಟುವುದು ಬಿಲ್ಲಿನಿಂದ ಅಂದರೂ ಲೆಕ್ಕದ ನಿಜವಾದ ಘಟಕ ಇಡೀ ಬಿಲ್ಲಲ್ಲ, ಬಿಲ್ಲಿನೊಳಗಿನ ಒಂದೊಂದು ಸಾಲು. ದಾವಣಗೆರೆಯಂಥ ಊರಿನ ಒಂದು ದಿನಸಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸೆಪ್ಟೆಂಬರ್ 2025ರ ಮೊದಲ ವಾರದ ಒಂದು ಬಿಲ್ಲಿನಲ್ಲಿ ನಾಲ್ಕು ಪದಾರ್ಥಗಳಿವೆ. ಬಿಡಿ ಬೆಲ್ಲ 90 ರೂಪಾಯಿ, ತೆರಿಗೆ ಇಲ್ಲ. ಸಕ್ಕರೆ 200 ರೂಪಾಯಿ, ಶೇ. 5ರಂತೆ ತೆರಿಗೆ 10. ನೋಟ್‌ಬುಕ್ 250 ರೂಪಾಯಿ, ಆಗಿನ ದರ ಶೇ. 12, ತೆರಿಗೆ 30. ಬಿಸ್ಕತ್ತು 100 ರೂಪಾಯಿ, ಆಗಿನ ದರ ಶೇ. 18, ತೆರಿಗೆ 18. ಗಿರಾಕಿ ಕೊಟ್ಟದ್ದು 698 ರೂಪಾಯಿ. ಈ ಒಂದು ಬಿಲ್ ತಿಂಗಳ ಹಾಳೆಯಲ್ಲಿ ನಾಲ್ಕು ಸಾಲುಗಳಿಗೆ ಹಂಚಿಹೋಗಬೇಕು. ಬಿಲ್ಲಿನ ಮೊದಲ ಪದಾರ್ಥದ ದರವನ್ನೇ ಇಡೀ ಬಿಲ್ಲಿಗೆ ಹಚ್ಚುವುದು, ಇಲ್ಲವೇ ದೊಡ್ಡ ಮೊತ್ತ ಯಾವ ದರದ್ದೋ ಅಲ್ಲಿಗೆ ಬಿಲ್ಲನ್ನೇ ತಳ್ಳುವುದು ಕೈಬರಹದ ಬಿಲ್ ಬುಕ್ ಇಟ್ಟುಕೊಂಡ ಅಂಗಡಿಗಳಲ್ಲಿ ಇಂದಿಗೂ ಕಾಣುವ ಅಭ್ಯಾಸ. ಅದರಿಂದ ತಿಂಗಳ ಒಟ್ಟು ಮಾರಾಟ ಸರಿಬರಬಹುದು, ತೆರಿಗೆ ಸರಿಬರುವುದಿಲ್ಲ.

ಆದ್ದರಿಂದ ಕಂಪ್ಯೂಟರಿನಲ್ಲಾಗಲಿ ಉದ್ದನೆಯ ಪುಸ್ತಕದಲ್ಲಾಗಲಿ ದಾಖಲೆ ಪದಾರ್ಥದ ಲೆಕ್ಕದಲ್ಲಿ ಇರಬೇಕು. ಪ್ರತಿ ಸಾಲಿಗೆ ತಾರೀಖು, ಬಿಲ್ ನಂಬರ್, ಕೊಂಡವರ ಜಿಎಸ್‌ಟಿ ನಂಬರ್ ಇದ್ದರೆ ಅದು, ಪದಾರ್ಥ, ಎಚ್‌ಎಸ್‌ಎನ್ ಸಂಖ್ಯೆ, ದರ, ತೆರಿಗೆ ಸೇರದ ಬೆಲೆ, ಕೇಂದ್ರದ ತೆರಿಗೆಯಾದ ಸಿಜಿಎಸ್‌ಟಿ, ರಾಜ್ಯದ ತೆರಿಗೆಯಾದ ಎಸ್‌ಜಿಎಸ್‌ಟಿ, ಇಷ್ಟು ಬೇಕು. ರಾಜ್ಯದೊಳಗಿನ ಮಾರಾಟದಲ್ಲಿ ಶೇ. 18 ಎಂದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಹೊರರಾಜ್ಯಕ್ಕೆ ಮಾಲು ಕಳಿಸುವವರಿಗೆ ಐಜಿಎಸ್‌ಟಿ ಎಂಬ ಇನ್ನೊಂದು ಅಂಕಣ ಸೇರುತ್ತದೆ. ಉದಾಹರಣೆಯ ಅಂಗಡಿಗೆ ಆ ವ್ಯಾಪಾರ ಇಲ್ಲ.

ದಾಖಲೆಯಲ್ಲಿ ಅತಿ ಹೆಚ್ಚು ಎಡವುವ ಜಾಗ ತೆರಿಗೆ ಸೇರದ ಬೆಲೆಯ ಅಂಕಣ. ಚಿಲ್ಲರೆ ಅಂಗಡಿಯಲ್ಲಿ ಮಾರುವ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಪೊಟ್ಟಣದ ಮೇಲಿನ ಎಂಆರ್‌ಪಿಯಂತೂ ಎಲ್ಲ ತೆರಿಗೆ ಸೇರಿಸಿ ಮುದ್ರಿಸಿದ್ದು. ಶೇ. 18ರ ಪದಾರ್ಥ 118 ರೂಪಾಯಿಗೆ ಹೋದರೆ ಅದರೊಳಗಿನ ತೆರಿಗೆ 18 ರೂಪಾಯಿ. ಅದನ್ನು ಬಿಡಿಸಲು ಮಾರಿದ ಬೆಲೆಯನ್ನು 100ರಿಂದ ಗುಣಿಸಿ 118ರಿಂದ ಭಾಗಿಸಬೇಕು. ಹಾಗೆ ಮಾಡದೆ 118ಕ್ಕೆ ಶೇ. 18 ಹಾಕಿದರೆ 21 ರೂಪಾಯಿ 24 ಪೈಸೆ ಬರುತ್ತದೆ, ಅಂಗಡಿಯವರು ವಸೂಲೇ ಮಾಡದ ತೆರಿಗೆಯನ್ನು ಕೈಯಿಂದ ಕಟ್ಟಿದಂತಾಗುತ್ತದೆ. ಬಿಲ್ಲಿನಲ್ಲೇ ಕೊಟ್ಟು, ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಮೊದಲು ಕಳೆದು ಉಳಿದ ಬೆಲೆಯಿಂದ ತೆರಿಗೆ ಬಿಡಿಸಬೇಕು. ಬಿಲ್ಲಿನ ಕೊನೆಯಲ್ಲಿ ಒಟ್ಟಾಗಿ ಐವತ್ತು ರೂಪಾಯಿ ಬಿಟ್ಟಿದ್ದರೆ ಅದನ್ನು ಬಿಲ್ಲಿನ ಎಲ್ಲ ಪದಾರ್ಥಗಳಿಗೂ ಅವುಗಳ ಬೆಲೆಯ ಪ್ರಮಾಣದಲ್ಲಿ ಹಂಚಬೇಕು. ಹೆಚ್ಚು ದರದ ಪದಾರ್ಥದಿಂದಲೇ ಪೂರ್ತಿ ಕಳೆದರೆ ತೆರಿಗೆ ಕಡಿಮೆ ಬಿದ್ದು ಲೆಕ್ಕ ಡೊಂಕಾಗುತ್ತದೆ.

ದರದ ಅಂಕಣವೂ ಸುಲಭದ್ದಲ್ಲ. ಒಂದೇ ಅಕ್ಕಿ ಎರಡು ಸಾಲಿಗೆ ಹೋಗಬಹುದು: ಚೀಲದಿಂದ ತೂಗಿ ಕೊಟ್ಟ ಬಿಡಿ ಅಕ್ಕಿಗೆ ತೆರಿಗೆ ಇಲ್ಲ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಜುಲೈ 2022ರಿಂದ ಶೇ. 5 ಇದೆ. ಈಗ ಸ್ನಾನದ ಸೋಪಿನ ಬಿಲ್ಲೆಗೆ ಶೇ. 5, ಕೈ ತೊಳೆಯುವ ದ್ರವ ಸೋಪಿಗೆ ಶೇ. 18. ಪೆನ್ಸಿಲ್ಲಿಗೆ ತೆರಿಗೆ ಇಲ್ಲ, ಪಕ್ಕದಲ್ಲೇ ಇರುವ ಬಾಲ್‌ಪೆನ್ನಿಗೆ ಶೇ. 18 ಇದೆ. ಅಂಗಡಿಯವರು ನೆನಪಿನ ಮೇಲೆ ದರ ಬರೆಯುವ ಬದಲು ಮಾಲು ಕೊಟ್ಟ ಸಗಟು ವ್ಯಾಪಾರಿಯ ಬಿಲ್ಲಿನಲ್ಲಿರುವ ಎಚ್‌ಎಸ್‌ಎನ್ ಮತ್ತು ದರವನ್ನು ನೋಡಿ ಪಟ್ಟಿ ಮಾಡಿಕೊಳ್ಳುವುದು ವಾಸಿ. ಖರೀದಿಯ ದರಕ್ಕೂ ಮಾರಾಟದ ದರಕ್ಕೂ ಹೊಂದಿಕೆ ಇಲ್ಲವೆಂದರೆ ಎರಡರಲ್ಲಿ ಒಂದು ತಪ್ಪಿದೆ ಎಂದರ್ಥ. ದರವೇ ಬದಲಾದ ದಿನದ ಆಚೀಚಿನ ಮಾಲಿಗೆ ಮಾತ್ರ ಇದು ಅನ್ವಯಿಸದು.

ದರ ಬದಲಾದ ತಿಂಗಳಲ್ಲಿ ಈ ಹಾಳೆಯ ನಿಜವಾದ ಪರೀಕ್ಷೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಂದಿನಿಂದ 5, 12, 18, 28 ಎಂಬ ನಾಲ್ಕು ಮುಖ್ಯ ದರಗಳು ನಡೆದುಬಂದವು. ಜಿಎಸ್‌ಟಿ ಮಂಡಳಿಯ 56ನೇ ಸಭೆಯ ತೀರ್ಮಾನದಂತೆ 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಪದಾರ್ಥಗಳ ಮಟ್ಟಿಗೆ 12 ಮತ್ತು 28 ಹೋಗಿ 5 ಮತ್ತು 18 ಮುಖ್ಯವಾದವು, ಕೆಲವೇ ಸರಕುಗಳಿಗೆ 40 ಬಂತು. ತುಪ್ಪ, ಬೆಣ್ಣೆ, ಜಾಮ್ 12ರಿಂದ 5ಕ್ಕೆ ಇಳಿದವು. ಬಿಸ್ಕತ್ತು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಶಾಂಪೂ 18ರಿಂದ 5ಕ್ಕೆ ಬಂದವು. ಶಾಲಾ ಮಕ್ಕಳ ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲವಾಯಿತು. ಬಟ್ಟೆ ಒಗೆಯುವ ಪುಡಿ ಹಿಂದಿನಂತೆ 18ರಲ್ಲೇ ಉಳಿಯಿತು. ಮೇಲೆ ಹೇಳಿದ 698 ರೂಪಾಯಿಯ ಬಿಲ್ಲನ್ನೇ ತೆರಿಗೆಗೆ ಮುಂಚಿನ ಅದೇ ಬೆಲೆಗಳಲ್ಲಿ ಸೆಪ್ಟೆಂಬರ್ 25ರಂದು ಹಾಕಿದರೆ ಬಿಸ್ಕತ್ತು 105, ನೋಟ್‌ಬುಕ್ 250 ಆಗಿ ಒಟ್ಟು 655 ರೂಪಾಯಿಗೆ ನಿಲ್ಲುತ್ತದೆ. ನಾಲ್ಕು ಸಾಲಿಗೆ ಹಂಚಿಹೋಗುತ್ತಿದ್ದ ಬಿಲ್ ಈಗ ಎರಡೇ ಸಾಲಿಗೆ ಹೋಗುತ್ತದೆ.

ತಿಂಗಳ ನಡುವೆ ದರ ಬದಲಾದರೆ ಒಂದು ಮಾರಾಟಕ್ಕೆ ಹಳೆಯ ದರವೋ ಹೊಸ ದರವೋ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಜಿಎಸ್‌ಟಿ ಕಾಯ್ದೆಯ 14ನೇ ಕಲಂನಲ್ಲಿ ಉತ್ತರವಿದೆ. ಮಾಲು ಕೊಟ್ಟ ದಿನ, ಬಿಲ್ ಹಾಕಿದ ದಿನ, ಹಣ ಬಂದ ದಿನ, ಈ ಮೂರರಲ್ಲಿ ಯಾವುದಾದರೂ ಎರಡು ಬದಲಾವಣೆಗೆ ಮುಂಚೆ ಬಂದಿದ್ದರೆ ಹಳೆಯ ದರ, ಎರಡು ಆಮೇಲೆ ಬಂದಿದ್ದರೆ ಹೊಸ ದರ. ಕಾಯ್ದೆಯ ಭಾಷೆ ಇದಕ್ಕಿಂತ ಉದ್ದವಾಗಿದ್ದರೂ ಅದರ ಆರು ಸಂದರ್ಭಗಳೂ ಈ ಅಳತೆಗೆ ಬರುತ್ತವೆ. ಸೆಪ್ಟೆಂಬರ್ 15ರಂದು ಮಾಲು ಕೊಟ್ಟು ಅಂದೇ ಬಿಲ್ ಹಾಕಿದ್ದರೆ ಉದ್ರಿ ಹಣ ಅಕ್ಟೋಬರ್‌ನಲ್ಲಿ ಬಂದರೂ ದರ ಹಳೆಯದೇ.

ಉದ್ರಿಯ ವಿಷಯದಲ್ಲಿ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹಾಳೆಯ ಹೆಸರು ವಸೂಲಾದ ತೆರಿಗೆಯ ಲೆಕ್ಕ ಎಂದಿದ್ದರೂ ಗಿರಾಕಿಯಿಂದ ಹಣ ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಬಿಲ್ ಹಾಕಿದ ತಿಂಗಳಿನಲ್ಲೇ ಅದರ ತೆರಿಗೆ ಹಾಳೆಗೆ ಬರಬೇಕು. ಹಣ ಬಂದ ಬಿಲ್ಲುಗಳನ್ನಷ್ಟೇ ಸೇರಿಸಿ ಹಾಳೆ ಮಾಡುವವರು ಉದ್ರಿ ಹೆಚ್ಚಿರುವ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಹಾಗೆ ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೀಳುತ್ತದೆ.

ಉದಾಹರಣೆಯ ಅಂಗಡಿಯ ಸೆಪ್ಟೆಂಬರ್ ಲೆಕ್ಕಕ್ಕೆ ಬರೋಣ. ಆ ತಿಂಗಳು 412 ಬಿಲ್‌ಗಳು ಆಗಿವೆ ಎಂದುಕೊಂಡರೆ ಮೊದಲ ಕೆಲಸ ಕೂಡುವುದಲ್ಲ, 1ರಿಂದ 412ರವರೆಗೆ ಎಲ್ಲ ನಂಬರುಗಳೂ ದಾಖಲೆಯಲ್ಲಿ ಇವೆಯೇ ಎಂದು ನೋಡುವುದು. ಬಿಲ್ಲುಗಳಿಗೆ ನಂಬರ್ ಕ್ರಮವಾಗಿ ನಡೆಯಬೇಕು, ಹಣಕಾಸು ವರ್ಷದೊಳಗೆ ಒಂದು ನಂಬರ್ ಎರಡು ಬಾರಿ ಬರಬಾರದು. ರದ್ದಾದ ಬಿಲ್ಲನ್ನೂ ರದ್ದು ಎಂದು ಬರೆದು ಇಟ್ಟುಕೊಳ್ಳಬೇಕು, ಏಕೆಂದರೆ ಜಿಎಸ್‌ಟಿಆರ್-1ರಲ್ಲಿ ಎಷ್ಟು ಬಿಲ್ ಹಾಕಲಾಯಿತು, ಎಷ್ಟು ರದ್ದಾದವು ಎಂಬ ಲೆಕ್ಕವನ್ನೂ ಕೇಳಲಾಗುತ್ತದೆ. ನಡುವೆ ಒಂದು ನಂಬರ್ ಕಾಣದಿದ್ದರೆ ಆ ಬಿಲ್ಲಿನ ತೆರಿಗೆ ಹಾಳೆಗೆ ಬಂದಿಲ್ಲ ಎಂಬ ಶಂಕೆ ಮೂಡುವುದು ಸಹಜ.

ನಂಬರ್ ಸರಿಯಿದೆ ಎಂದಾದ ಮೇಲೆ ದರವಾರು ಕೂಡಬೇಕು. ಎಕ್ಸೆಲ್‌ನಂಥ ಹಾಳೆಯಲ್ಲಿ ತಾರೀಖು A ಅಂಕಣದಲ್ಲಿ, ದರ F ಅಂಕಣದಲ್ಲಿ, ತೆರಿಗೆ ಸೇರದ ಬೆಲೆ G ಅಂಕಣದಲ್ಲಿ ಇದ್ದರೆ ಶೇ. 12ರ ಮಾರಾಟವನ್ನು ಬದಲಾವಣೆಗೆ ಮುಂಚೆ ಮತ್ತು ಆಮೇಲೆ ಎಂದು ಎರಡಾಗಿ ಹೀಗೆ ತೆಗೆಯಬಹುದು:

```
=SUMIFS(G:G,F:F,12,A:A,">="&DATE(2025,9,1),A:A,"<="&DATE(2025,9,21))
=SUMIFS(G:G,F:F,12,A:A,">="&DATE(2025,9,22),A:A,"<="&DATE(2025,9,30))
```

ಸೂತ್ರ ಸರಿಯಿದ್ದೂ ಮೊತ್ತ ಕಡಿಮೆ ಬರುವುದುಂಟು. ಕೆಲವು ಸಾಲುಗಳಲ್ಲಿ ದರವನ್ನು 12 ಎಂದೂ ಕೆಲವು ಸಾಲುಗಳಲ್ಲಿ 12% ಎಂದೂ ಬರೆದಿದ್ದರೆ ಎರಡನೆಯದನ್ನು ಕಂಪ್ಯೂಟರ್ 0.12 ಎಂದು ಓದಿಕೊಂಡು ಕೈಬಿಡುತ್ತದೆ. ತಾರೀಖನ್ನು ನಡುವೆ ಚುಕ್ಕಿ ಇಟ್ಟು ಬರೆದಾಗ ಅದು ಬರೀ ಅಕ್ಷರವಾಗಿ ಉಳಿದು ತಿಂಗಳ ಲೆಕ್ಕದಿಂದ ಹೊರಗೆ ಬೀಳುವುದೂ ಉಂಟು. ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ಎಲ್ಲ ದರಗಳ ಮೊತ್ತಗಳನ್ನು ಕೂಡಿ G ಅಂಕಣದ ಒಟ್ಟು ಮೊತ್ತದ ಜೊತೆ ಹೋಲಿಸಿದರೆ ಬಿಟ್ಟುಹೋದ ಸಾಲು ಒಂದೇ ಏಟಿಗೆ ಗೊತ್ತಾಗುತ್ತದೆ.

ಈ ಅಂಗಡಿಯ ಕಚ್ಚಾ ಲೆಕ್ಕದಲ್ಲಿ ತೆರಿಗೆ ಇಲ್ಲದ ಮಾಲು 1,02,000 ರೂಪಾಯಿ ಬಂತು. ಶೇ. 5ರ ಮಾಲು 2,11,500, ತೆರಿಗೆ 10,575. ಶೇ. 12ರ ಮಾಲು 46,500, ತೆರಿಗೆ 5,580. ಶೇ. 18ರ ಮಾಲು 1,50,000, ತೆರಿಗೆ 27,000. ಒಟ್ಟು ತೆರಿಗೆ 43,155 ರೂಪಾಯಿ. ಪ್ರತಿ ಸಾಲಿನ ಮೊತ್ತವನ್ನು ಆಯಾ ದರದಿಂದ ಗುಣಿಸಿ ನೋಡಿದರೆ ತೆರಿಗೆ ರೂಪಾಯಿಗೆ ರೂಪಾಯಿ ಹೊಂದುತ್ತದೆ. ಅನೇಕರು ಇಲ್ಲಿಗೆ ಪರೀಕ್ಷೆ ಮುಗಿಸಿ ಹಾಳೆ ಕಳಿಸಿಬಿಡುತ್ತಾರೆ. ಆದರೆ ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ, ಗುಣಾಕಾರದ ಪರೀಕ್ಷೆಯಲ್ಲಿ ಅವೆರಡೂ ಸಿಗುವುದಿಲ್ಲ. ದರವನ್ನೇ ತಪ್ಪಾಗಿ ಹಿಡಿದಿದ್ದರೂ ಆ ತಪ್ಪು ದರದಿಂದ ಗುಣಿಸಿದ ತೆರಿಗೆ ಸರಿಯಾಗಿಯೇ ಬರುತ್ತದೆಯಲ್ಲ.

ಮೊದಲನೆಯದು ಸಿಗುವುದು ಮೇಲಿನ ಎರಡನೇ ಸೂತ್ರದಲ್ಲಿ. ಸೆಪ್ಟೆಂಬರ್ 22ರ ಆಚೆಗೆ ಈ ಅಂಗಡಿಯ ಯಾವ ಮಾಲಿಗೂ ಶೇ. 12 ಇರಬಾರದು, ಆದರೂ ಆ ಸೂತ್ರ 1,500 ರೂಪಾಯಿ ತೋರಿಸುತ್ತದೆ. ಬಿಲ್ ತೆಗೆದು ನೋಡಿದರೆ ಅದು 23ನೇ ತಾರೀಖಿನದು. ಪರಿಚಯದ ಮನೆಯೊಂದರ ಸಮಾರಂಭಕ್ಕೆ ಬೆಣ್ಣೆ ಕೊಟ್ಟದ್ದು, 180 ರೂಪಾಯಿ ತೆರಿಗೆ ಸೇರಿ 1,680 ರೂಪಾಯಿ ಉದ್ರಿ ಬರೆದದ್ದು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ತುಪ್ಪದ ದರ ತಿದ್ದಿದವರು ಬೆಣ್ಣೆಯ ದರ ತಿದ್ದಲು ಮರೆತಿದ್ದರು. ಮಾಲು, ಬಿಲ್ ಎರಡೂ ಬದಲಾವಣೆಯ ನಂತರದವು, ಹಾಗಾಗಿ ದರ ಶೇ. 5 ಆಗಬೇಕು, ತೆರಿಗೆ 75 ರೂಪಾಯಿ. ಹೆಚ್ಚಿಗೆ ಬರೆದ 105 ರೂಪಾಯಿಗೆ ಆ ಮನೆಯವರಿಗೆ ಕ್ರೆಡಿಟ್ ನೋಟ್ ಕೊಟ್ಟು ಬಾಕಿಯನ್ನು 1,575ಕ್ಕೆ ಇಳಿಸಿದರೆ ಮಾರಾಟ ಶೇ. 5ರ ಸಾಲಿಗೆ ಬರುತ್ತದೆ. ಗಿರಾಕಿ ಯಾರೆಂದೇ ಗೊತ್ತಿಲ್ಲದ ನಗದು ಮಾರಾಟದಲ್ಲಿ ಇಂಥ ತಪ್ಪಾಗಿದ್ದರೆ ದಾರಿ ಬೇರೆ. ತೆರಿಗೆ ಎಂದು ಹೇಳಿ ಜನರಿಂದ ಪಡೆದ ಹಣ ತಪ್ಪು ದರದ್ದಾಗಿದ್ದರೂ ಸರ್ಕಾರಕ್ಕೇ ಸೇರಬೇಕು ಎಂದು ಕಾಯ್ದೆಯ 76ನೇ ಕಲಂ ಹೇಳುತ್ತದೆ. ಗಿರಾಕಿಯಿಂದ 12 ತೆಗೆದುಕೊಂಡು ಹಾಳೆಯಲ್ಲಿ ಮಾತ್ರ 5 ಎಂದು ತಿದ್ದಿ ವ್ಯತ್ಯಾಸ ಇಟ್ಟುಕೊಳ್ಳುವುದು ಸಲ್ಲದು.

ಎರಡನೆಯದು ವಾಪಸ್ ಬಂದ ಮಾಲಿನದು, ಇದು ಇನ್ನೂ ಸೂಕ್ಷ್ಮ. ಸೆಪ್ಟೆಂಬರ್ 15ರಂದು ಒಂದು ಬೇಕರಿಗೆ 8,000 ರೂಪಾಯಿಯ ತುಪ್ಪ ಹೋಗಿತ್ತು, ಶೇ. 12ರಂತೆ ತೆರಿಗೆ 960. ಬೇಕರಿಗೆ ಜಿಎಸ್‌ಟಿ ನಂಬರ್ ಇದೆ. 24ನೇ ತಾರೀಖು ಬೇಕರಿಯವರು ಕಾಲು ಭಾಗ ತುಪ್ಪವನ್ನು ವಾಪಸ್ ಕೊಟ್ಟರು. ಆ ದಿನ ತುಪ್ಪದ ದರ ಶೇ. 5 ಆಗಿದ್ದರಿಂದ ಅಂಗಡಿಯಲ್ಲಿ 2,000 ರೂಪಾಯಿಗೆ 100 ತೆರಿಗೆ ಸೇರಿಸಿ 2,100ರ ಕ್ರೆಡಿಟ್ ನೋಟ್ ಬರೆದರು. ಹಾಗೆ ಬರೆಯುವಂತಿಲ್ಲ. ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ಬೆನ್ನಿಗೆ ಬರುವ ಕಾಗದ, ಮೂಲ ಬಿಲ್ಲಿನಲ್ಲಿ ಯಾವ ದರವಿತ್ತೋ ಅದೇ ದರ ಅದಕ್ಕೂ ಇರಬೇಕು. ಬೇಕರಿಯವರಿಗೆ 2,240 ರೂಪಾಯಿ ಸಲ್ಲಬೇಕು, ಶೇ. 12ರ ಸಾಲಿನಿಂದ 2,000 ಮತ್ತು 240 ಕಳೆಯಬೇಕು. ಬೇಕರಿಯವರೂ ಖರೀದಿಯ ಮೇಲೆ ಪಡೆದ ತೆರಿಗೆ ಜಮೆಯಲ್ಲಿ 240 ರೂಪಾಯಿ ಇಳಿಸಿಕೊಳ್ಳಬೇಕು. 100 ಮಾತ್ರ ಇಳಿದರೆ ಎರಡೂ ಕಡೆಯ ಪುಸ್ತಕ ತಾಳೆಯಾಗುವುದಿಲ್ಲ.

ಈ ತಿದ್ದುಪಡಿಯ ನಂತರ ಎರಡನೇ ಸೂತ್ರ ಸೊನ್ನೆ ತೋರಿಸುವುದಿಲ್ಲ, 2,000 ರೂಪಾಯಿ ಋಣ ತೋರಿಸುತ್ತದೆ. ಅದು ಸರಿಯಾದದ್ದೇ. 22ರ ಆಚೆಗಿನ ಶೇ. 12ರ ಸಾಲೆಲ್ಲ ತಪ್ಪು ಎಂದು ಕಣ್ಣುಮುಚ್ಚಿ ತಿದ್ದಿದರೆ ಸರಿಯಿದ್ದದ್ದೂ ಕೆಡುತ್ತದೆ. ಆದ್ದರಿಂದ ವಾಪಸ್ ಮಾಲಿನ ಸಾಲಿನಲ್ಲಿ ಮೂಲ ಬಿಲ್ಲಿನ ನಂಬರ್ ಮತ್ತು ತಾರೀಖು ಬರೆಯಲು ಒಂದು ಅಂಕಣ ಇರಲೇಬೇಕು. ಆ ಅಂಕಣ ಖಾಲಿ ಇರುವ ಋಣದ ಸಾಲನ್ನು ಆಡಿಟರ್ ವಾಪಸ್ ಕಳಿಸಿ ವಿವರಣೆ ಕೇಳುವುದು ನ್ಯಾಯ.

ಎರಡೂ ತಪ್ಪು ತಿದ್ದಿದ ಹಾಳೆ ಹೀಗಿರುತ್ತದೆ:

| ದರ | ತೆರಿಗೆ ಸೇರದ ಬೆಲೆ | ಸಿಜಿಎಸ್‌ಟಿ | ಎಸ್‌ಜಿಎಸ್‌ಟಿ |
|---|---|---|---|
| ತೆರಿಗೆ ಇಲ್ಲ | 1,02,000 | 0 | 0 |
| ಶೇ. 5 | 2,15,000 | 5,375 | 5,375 |
| ಶೇ. 12 | 43,000 | 2,580 | 2,580 |
| ಶೇ. 18 | 1,50,000 | 13,500 | 13,500 |
| ಒಟ್ಟು | 5,10,000 | 21,455 | 21,455 |

ಒಟ್ಟು ತೆರಿಗೆ 42,910 ರೂಪಾಯಿ. ಕಚ್ಚಾ ಲೆಕ್ಕಕ್ಕಿಂತ 245 ರೂಪಾಯಿ ಕಡಿಮೆ: ಬೆಣ್ಣೆಯದು 105, ತುಪ್ಪದ್ದು 140. ಹಣ ದೊಡ್ಡದಲ್ಲ ನಿಜ. ಆದರೆ ತಿದ್ದದೆ ಬಿಟ್ಟಿದ್ದರೆ ಬೇಕರಿಯವರಿಗೆ 140 ರೂಪಾಯಿ, ಸಮಾರಂಭದ ಮನೆಯವರಿಗೆ 105 ರೂಪಾಯಿ ನಷ್ಟವಾಗುತ್ತಿತ್ತು. ಇಲ್ಲಿ ತಪ್ಪಿದ್ದು ಬೆಣ್ಣೆಯ ಒಂದೇ ಬಿಲ್. ದಿನವೂ ಹತ್ತಾರು ಬಿಲ್ಲಿನಲ್ಲಿ ಹೋಗುವ ಬಿಸ್ಕತ್ತಿನ ದರ ತಿದ್ದಲು ಮರೆತಿದ್ದರೆ ಅದೇ ತಪ್ಪು ಸಾವಿರಗಳ ಲೆಕ್ಕಕ್ಕೆ ಹೋಗುತ್ತಿತ್ತು.

ಶೇ. 12ರ ಸಾಲನ್ನು ಆಡಿಟರಿಗೆ ಒಟ್ಟಾಗಿ ಕೊಟ್ಟರೆ ಸಾಲದು. ಬೇಕರಿಯ 8,000 ರೂಪಾಯಿಯ ಬಿಲ್ ನಾಲ್ಕನೇ ಕೋಷ್ಟಕಕ್ಕೆ ಬಿಡಿಯಾಗಿ ಹೋಗಬೇಕು, ಅದರ 2,000ದ ಕ್ರೆಡಿಟ್ ನೋಟ್ ಒಂಬತ್ತನೇ ಕೋಷ್ಟಕದ ಬಿ ಭಾಗಕ್ಕೆ ಹೋಗಬೇಕು. ಉಳಿದ 37,000 ರೂಪಾಯಿ ಚಿಲ್ಲರೆ ಮಾರಾಟ, ತೆರಿಗೆ 4,440, ಅದು ಏಳನೇ ಕೋಷ್ಟಕಕ್ಕೆ. ಬೆಣ್ಣೆಯ ತಿದ್ದುಪಡಿ ಚಿಲ್ಲರೆ ಗಿರಾಕಿಯದ್ದಾದ್ದರಿಂದ ಅದು ಪ್ರತ್ಯೇಕವಾಗಿ ಎಲ್ಲೂ ಕಾಣದೆ ಏಳನೇ ಕೋಷ್ಟಕದ ಮೊತ್ತದಲ್ಲೇ ಕರಗುತ್ತದೆ. ಬೇಕರಿಯ ಬಿಲ್ಲನ್ನು ನಾಲ್ಕನೇ ಕೋಷ್ಟಕದಲ್ಲಿ ಹಾಕಿ ಏಳನೆಯದರಿಂದ ಕಳೆಯಲು ಮರೆತರೆ ಒಂದೇ ಮಾರಾಟಕ್ಕೆ ಎರಡು ಬಾರಿ ತೆರಿಗೆ ಕಟ್ಟಿದಂತಾಗುತ್ತದೆ. ಹಾಳೆಯಲ್ಲಿ ಪ್ರತಿ ದರಕ್ಕೂ ನೋಂದಾಯಿತರಿಗೆ ಮಾರಿದ್ದು, ಚಿಲ್ಲರೆ, ವಾಪಸ್ ಎಂದು ಮೂರು ಭಾಗ ಮಾಡಿಕೊಟ್ಟರೆ ಆ ಪ್ರಮಾದಕ್ಕೆ ಎಡೆಯಿರುವುದಿಲ್ಲ. ಜಿಎಸ್‌ಟಿಆರ್-3ಬಿಯಲ್ಲಿ ದರದ ವಿಂಗಡಣೆಯೇ ಇಲ್ಲ, ತೆರಿಗೆ ಇರುವ ಮಾಲಿನ 4,08,000 ಮತ್ತು ತೆರಿಗೆ ಇಲ್ಲದ 1,02,000 ಎಂಬ ಒಟ್ಟು ಅಂಕಿಗಳಷ್ಟೇ ಅಲ್ಲಿಗೆ ಹೋಗುತ್ತವೆ.

ಕಾಗದದ ಮೇಲಿನ ಉದಾಹರಣೆಯಲ್ಲಿ ತೆರಿಗೆ ರೂಪಾಯಿಗೆ ಸರಿಯಾಗಿ ಬಂದಿದೆ. ನಿಜವಾದ ಅಂಗಡಿಯಲ್ಲಿ ಪೈಸೆಗಳ ವ್ಯತ್ಯಾಸ ಬಂದೇ ಬರುತ್ತದೆ. ಒಂದೊಂದು ಸಾಲಿನಲ್ಲೂ ತೆರಿಗೆಯನ್ನು ಪೈಸೆಗೆ ಸರಿಮಾಡಿರುವುದರಿಂದ ಸಾಲುಗಳ ತೆರಿಗೆಯ ಮೊತ್ತಕ್ಕೂ ಒಟ್ಟು ಬೆಲೆಯನ್ನು ದರದಿಂದ ಗುಣಿಸಿದ ಮೊತ್ತಕ್ಕೂ ಸ್ವಲ್ಪ ಅಂತರ ಉಳಿಯುತ್ತದೆ. ಎಷ್ಟು ಅಂತರವನ್ನು ಒಪ್ಪಿಕೊಳ್ಳಬಹುದು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಸಾಲಿನಲ್ಲಿ ಹೆಚ್ಚೆಂದರೆ ಅರ್ಧ ಪೈಸೆ ಆಚೀಚೆ ಆಗಬಹುದು. ಸಾವಿರ ಸಾಲಿದ್ದರೆ ಅತಿ ಕೆಟ್ಟ ಸ್ಥಿತಿಯಲ್ಲೂ ಸಿಜಿಎಸ್‌ಟಿಯಲ್ಲಿ ಐದು ರೂಪಾಯಿ, ಎಸ್‌ಜಿಎಸ್‌ಟಿಯಲ್ಲಿ ಐದು ರೂಪಾಯಿ. ಒಂದು ದರದ ಸಾಲಿನಲ್ಲಿ ಐವತ್ತು ರೂಪಾಯಿ ಅಂತರ ಕಂಡರೆ ಅದಕ್ಕೆ ಪೈಸೆಯ ನೆಪ ಹೇಳುವಂತಿಲ್ಲ, ಎಲ್ಲೋ ಒಂದು ಸಾಲಿನಲ್ಲಿ ದರ ಅಥವಾ ತೆರಿಗೆ ಕೈತಪ್ಪಿ ಬಿದ್ದಿದೆ. ಬಿಲ್ಲಿನ ಕೊನೆಯಲ್ಲಿ ರೂಪಾಯಿಗೆ ಸರಿಮಾಡಲು ಕೂಡುವ ಕಳೆಯುವ ಮೊತ್ತಕ್ಕೆ ಬೇರೆ ಅಂಕಣವಿರಲಿ, ಅದನ್ನು ತೆರಿಗೆಯ ಅಂಕಣಕ್ಕೆ ಸೇರಿಸಬಾರದು.

ಹಾಳೆಯನ್ನು ಅಂಗಡಿಗೆ ಬಂದ ಹಣದ ಜೊತೆಗೂ ಒಮ್ಮೆ ಹೋಲಿಸಬೇಕು. 5,10,000ಕ್ಕೆ ತೆರಿಗೆ ಸೇರಿಸಿದರೆ ತಿಂಗಳ ಮಾರಾಟ 5,52,910 ರೂಪಾಯಿ. ಬಂದ ನಗದು, ಯುಪಿಐ ಹಣ, ಹೊಸ ಉದ್ರಿ ಇವುಗಳನ್ನು ಕೂಡಿ, ಹಳೆಯ ಬಾಕಿ ವಸೂಲಿಯನ್ನು ಕಳೆದರೆ ಈ ಅಂಕಿಗೆ ಹತ್ತಿರ ಬರಬೇಕು. ಯುಪಿಐ ಖಾತೆಗೆ ಮಗನ ಕಾಲೇಜು ಫೀಸಿಗೆ ನೆಂಟರು ಕಳಿಸಿದ ಹಣವೂ ಬಂದಿರಬಹುದು, ಅಂಥದ್ದನ್ನು ಅಂದಂದೇ ಗುರುತು ಮಾಡಿಟ್ಟುಕೊಳ್ಳಬೇಕು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಎದ್ದ ಮುಖ್ಯ ಪ್ರಶ್ನೆ ಇದೇ ಆಗಿತ್ತು: ಖಾತೆಗೆ ಬಂದ ಹಣದಲ್ಲಿ ತೆರಿಗೆ ಇರುವ ಮಾಲಿನದೆಷ್ಟು, ಹಾಲು ತರಕಾರಿಯಂಥ ತೆರಿಗೆ ಇಲ್ಲದ ಮಾಲಿನದೆಷ್ಟು, ವ್ಯಾಪಾರಕ್ಕೆ ಸಂಬಂಧವೇ ಇಲ್ಲದ್ದೆಷ್ಟು? ತೆರಿಗೆ ಇಲ್ಲ ಎಂಬ ಸಾಲನ್ನು ಹಾಳೆಯಿಂದ ಬಿಟ್ಟುಬಿಡುವವರಿಗೆ ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ತೆರಿಗೆ ಬಾರದಿದ್ದರೂ ಆ ಸಾಲು ಹಾಳೆಯಲ್ಲಿ ಇರಲೇಬೇಕು.

ಈ ಹಾಳೆ ಮಾರಾಟದ ಕಡೆಯದು ಮಾತ್ರ. ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯುವಂತಿಲ್ಲ, ಅದು ಆಡಿಟರ್ ಬೇರೆಯಾಗಿ ನೋಡುವ ಲೆಕ್ಕ. ಆದರೂ ಸೆಪ್ಟೆಂಬರ್ 22ರಂದು ಅಂಗಡಿಯಲ್ಲಿ ಉಳಿದಿದ್ದ ನೋಟ್‌ಬುಕ್ ದಾಸ್ತಾನಿನ ಪಟ್ಟಿಯನ್ನು ಹಾಳೆಯ ಜೊತೆಗೇ ಕೊಡುವುದು ಒಳ್ಳೆಯದು. ಮಾಲಿಗೆ ತೆರಿಗೆಯೇ ಇಲ್ಲವಾದಾಗ ಆ ದಾಸ್ತಾನಿನ ಖರೀದಿಯ ಮೇಲೆ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

ರಿಟರ್ನ್ ಸಲ್ಲಿಸಿದ ಮೇಲೆ ತಪ್ಪು ಕಂಡರೂ ಬಾಗಿಲು ಮುಚ್ಚಿಲ್ಲ. ಮುಂದಿನ ತಿಂಗಳುಗಳ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿಗೆ ಕೋಷ್ಟಕಗಳಿವೆ, ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಕಡೆಯ ಗಡುವು, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಆ ದಿನವೇ ಗಡುವು. ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. 2025-26ರ ವಾರ್ಷಿಕ ರಿಟರ್ನಿಗೆ 2026ರ ಡಿಸೆಂಬರ್ 31 ನಿಗದಿತ ದಿನ. ಅದರಂತೆ ಸೆಪ್ಟೆಂಬರ್ 2025ರ ಬಿಲ್ಲುಗಳು, ಕ್ರೆಡಿಟ್ ನೋಟುಗಳು ಮತ್ತು ಅವುಗಳಿಂದ ತೆಗೆದ ಈ ಹಾಳೆ 2032ರ ಡಿಸೆಂಬರ್ 31ರವರೆಗೆ ಅಂಗಡಿಯವರ ಬಳಿ ಇರಬೇಕು.